ವಿಜಯಪುರದ ಬೇಸಿಗೆಗೆ ಕೋಲ್ಡ್ ಬ್ರೂ: ಕಟ್ಟೆಯ ಮೇಲಲ್ಲ, ಫ್ರಿಜ್‌ನಲ್ಲೇ ನೆನೆಯಲಿ

ಕೋಲ್ಡ್ ಬ್ರೂ ಮಾಡುವ ವಿಧಾನ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ಕಾಫಿ ಪುಡಿಗೆ ತಣ್ಣೀರು ಹಾಕಿ, ಮುಚ್ಚಿ, ಹನ್ನೆರಡರಿಂದ ಹದಿನಾರು ತಾಸು ಹೊರಗೇ ಬಿಡಿ. ಈ ಲೆಕ್ಕ ಹುಟ್ಟಿದ್ದು 20–22 ಡಿಗ್ರಿ ಇರುವ ಅಡುಗೆಮನೆಗಳಲ್ಲಿ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 40 ಡಿಗ್ರಿ ಮುಟ್ಟುತ್ತದೆ. ರಾತ್ರಿಯೂ ಗೋಡೆಗಳ ಕಾವು ಇಳಿಯುವುದಿಲ್ಲ. ಅಂಥ ಮನೆಯಲ್ಲಿ ಕಟ್ಟೆಯ ಮೇಲೆ ಹದಿನಾರು ತಾಸು ಇಟ್ಟ ಡಬ್ಬಿಯಲ್ಲಿ ಕಾಫಿಯ ಜೊತೆ ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ.

ಕಾಫಿ ಹುಳಿ ಪದಾರ್ಥ, ಬೇಗ ಕೆಡುವುದಿಲ್ಲ ಎಂಬ ನಂಬಿಕೆ ಅನೇಕರಿಗಿದೆ. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಹುಳಿ ಹೆಚ್ಚಿದಷ್ಟೂ ಆ ಅಂಕಿ ಇಳಿಯುತ್ತದೆ. ಆದರೆ ಕೋಲ್ಡ್ ಬ್ರೂನ ಪಿಎಚ್ ಸುಮಾರು 5. ಬಾಟ್ಯುಲಿಸಂ ಎಂಬ ಮಾರಕ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಪಿಎಚ್ 4.6 ಅಥವಾ ಅದಕ್ಕಿಂತ ಕೆಳಗಿರಬೇಕು. ಅಂದರೆ ಉಪ್ಪಿನಕಾಯಿಗೆ ಸಿಗುವ ಹುಳಿಯ ರಕ್ಷಣೆ ಇದಕ್ಕಿಲ್ಲ. ಫಿಲ್ಟರ್ ಕಾಫಿಯಂತೆ ಇದಕ್ಕೆ ಕುದಿನೀರೂ ತಾಗುವುದಿಲ್ಲ. ಆದ್ದರಿಂದ ಇಲ್ಲಿ ಕಾಪಾಡುವುದು ತಂಪು ಮತ್ತು ಸ್ವಚ್ಛತೆ ಎರಡೇ.

ಅಳತೆ ತೂಕದಲ್ಲಿರಲಿ

ಗಟ್ಟಿ ಡಿಕಾಕ್ಷನ್‌ಗೆ ಒಂದಕ್ಕೆ ಐದರ ಪ್ರಮಾಣ ಸರಿಯಾದದ್ದು: 200 ಗ್ರಾಂ ಪುಡಿಗೆ 1 ಲೀಟರ್ ನೀರು. ಇದನ್ನು ಲೋಟದಲ್ಲಿ ಅಳೆಯಬೇಡಿ. ದಪ್ಪಗೆ ಬೀಸಿದ ಪುಡಿ 250 ಮಿಲಿ ಲೋಟದಲ್ಲಿ 90 ಗ್ರಾಂ ಆಸುಪಾಸು ಹಿಡಿಯುತ್ತದೆ, ನೀರಾದರೆ 250 ಗ್ರಾಂ. ಒಂದು ಲೋಟ ಪುಡಿಗೆ ಐದು ಲೋಟ ನೀರು ಹಾಕಿದರೆ ನಿಜವಾದ ಪ್ರಮಾಣ ಒಂದಕ್ಕೆ ಹದಿನಾಲ್ಕು ಆಗಿಬಿಡುತ್ತದೆ. ಅದಕ್ಕೆ ಹಾಲು ಬೆರೆಸಿದರೆ ಕಾಫಿಯ ರುಚಿಯೇ ಉಳಿಯುವುದಿಲ್ಲ.

ಹಾಕಿದ 1 ಲೀಟರ್ ಪೂರ್ತಿ ವಾಪಸ್ ಬರುವುದಿಲ್ಲ. ಪುಡಿ ತನ್ನ ತೂಕದ ಸುಮಾರು ಎರಡು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ, ಹೀಗಾಗಿ ಕೈಗೆ ಸಿಗುವುದು 600 ಮಿಲಿ. ಇನ್ನೂ ಗಟ್ಟಿ ಬೇಕೆಂದು ಒಂದಕ್ಕೆ ನಾಲ್ಕಕ್ಕೆ ಹೋದರೆ, ಅಂದರೆ 250 ಗ್ರಾಂ ಪುಡಿ ಹಾಕಿದರೆ, ಸಿಗುವುದು 500 ಮಿಲಿ ಮಾತ್ರ. ಪುಡಿ ಹೆಚ್ಚು, ಡಿಕಾಕ್ಷನ್ ಕಡಿಮೆ. ಮನೆ ಬಳಕೆಗೆ ಅದರ ಅಗತ್ಯವಿಲ್ಲ.

ಪುಡಿ ಚಿಕೋರಿ ಇಲ್ಲದ್ದೇ ಆಗಬೇಕು. ಫಿಲ್ಟರ್‌ಗೆಂದು ಮಾರುವ ಪುಡಿ ನುಣ್ಣಗಿರುತ್ತದೆ, ಸಾಮಾನ್ಯವಾಗಿ ಚಿಕೋರಿಯೂ ಬೆರೆತಿರುತ್ತದೆ. ನಮ್ಮ ಕಾನೂನಿನ ಪ್ರಕಾರ ಚಿಕೋರಿ ಶೇ 49ರವರೆಗೂ ಇರಬಹುದು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆದಿರಬೇಕು. ಅದನ್ನು ಹೀಗೆ ನೆನೆಸಿದರೆ ತಳದಲ್ಲಿ ರಾಡಿ ಕೂರುತ್ತದೆ, ಬಟ್ಟೆಯಲ್ಲಿ ಇಳಿಯುವುದೇ ಇಲ್ಲ. ಅಂಗಡಿಯಲ್ಲಿ ಬೀಜ ಬೀಸಿಸುವಾಗ ಜೋಳದ ಸಣ್ಣ ನುಚ್ಚಿನಷ್ಟು ದಪ್ಪ ಕೇಳಿ.

ನೆನೆಸುವುದು

ಬೋರ್‌ವೆಲ್ ನೀರು ನಮ್ಮ ಕಡೆ ಬಹಳ ಗಡಸು, ಅದರಲ್ಲಿ ಕಾಫಿ ಸಪ್ಪೆಯಾಗುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಬಳಸಿ. ಮುಂದೆ ಎಲ್ಲಿಯೂ ಬಿಸಿ ಮಾಡುವುದಿಲ್ಲವಾದ್ದರಿಂದ ಆ ನೀರನ್ನೂ ಒಮ್ಮೆ ಕುದಿಸಿ, ಆರಿಸಿ, ಫ್ರಿಜ್‌ನಲ್ಲಿಟ್ಟು ತಂಪು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಆರಿದ ನೀರೂ 35 ಡಿಗ್ರಿ ಇರುತ್ತದೆ. ಅದನ್ನೇ ನೇರವಾಗಿ ಹಾಕಿದರೆ ಡಬ್ಬಿಯ ನಡುಭಾಗ ತಣ್ಣಗಾಗಲು ತಾಸುಗಟ್ಟಲೆ ಬೇಕು.

ಗಾಜಿನ ಬರಣಿ ಅಥವಾ ಸ್ಟೀಲ್ ಡಬ್ಬಿಯನ್ನು ಸೋಪಿನಿಂದ ತೊಳೆದು, ಕುದಿನೀರು ಸುರಿದು ಚೆಲ್ಲಿ, ಗಾಜಿನ ಬರಣಿಯಾದರೆ ತಣ್ಣಗಾಗಲು ಬಿಡಿ. ಆಮೇಲೆ ಪುಡಿ ಹಾಕಿ ನೀರು ಸುರಿಯಿರಿ. ಪುಡಿ ಮೇಲೆ ತೇಲಿ ಕಟ್ಟಿಕೊಳ್ಳುತ್ತದೆ, ಒಳಗೆ ಒಣಗಿದ ಗಂಟು ಉಳಿದರೆ ಅಷ್ಟು ಕಾಫಿ ವ್ಯರ್ಥ. ಉದ್ದನೆಯ ಚಮಚದಿಂದ ಕೆಳಗಿನಿಂದ ಮೇಲಕ್ಕೆ ಕಲಸಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಿ, ಮುಚ್ಚಿ ಫ್ರಿಜ್‌ನಲ್ಲಿಡಿ.

ಫ್ರಿಜ್‌ನಲ್ಲಿ ಸತ್ವ ನಿಧಾನವಾಗಿ ಬಿಡುತ್ತದೆ, ಹೀಗಾಗಿ 18ರಿಂದ 24 ತಾಸು ಬೇಕು. ರಾತ್ರಿ ಎಂಟಕ್ಕೆ ಇಟ್ಟರೆ ಮರುದಿನ ಸಂಜೆ ನಾಲ್ಕಕ್ಕೆ, ಅಂದರೆ 20 ತಾಸಿಗೆ, ಸೋಸಬಹುದು. ತೆಳುವಾಗಿ, ಚುರುಕಾದ ಹುಳಿಯಷ್ಟೇ ನಾಲಿಗೆಗೆ ತಾಗಿದರೆ ಸತ್ವ ಇನ್ನೂ ಬಿಟ್ಟಿಲ್ಲವೆಂದು ಅರ್ಥ. ಬಾಯಿ ಒಣಗುವಂತೆ ಒಗರಾಗಿ, ಮರದ ಪುಡಿ ಜಗಿದಂತಾದರೆ ಹೆಚ್ಚಾಗಿದೆ. ಎರಡೂ ಸಂದರ್ಭದಲ್ಲಿ ಮೊದಲು ಬದಲಿಸಬೇಕಾದದ್ದು ಬೀಸಿದ ದಪ್ಪವನ್ನು. ಒಂದು ದಿನ ದಾಟಿಸಿ ನೆನೆಸುವುದರಿಂದ ಲಾಭ ಅಷ್ಟಕ್ಕಷ್ಟೇ.

ಸೋಸಲು ಮೊದಲು ಚಹಾ ಜರಡಿ, ನಂತರ ಮಲ್‌ಮಲ್ ಬಟ್ಟೆ. ಎಲ್ಲ ಸರಿ ಮಾಡಿಯೂ ಕಾಫಿ ಕೆಡುವುದು ಹೆಚ್ಚಾಗಿ ಈ ಬಟ್ಟೆಯಿಂದಲೇ. ಹಾಲು, ಮಜ್ಜಿಗೆ ಸೋಸುವ ಬಟ್ಟೆ ಬೇಡ. ಇದಕ್ಕೇ ಒಂದು ಮೀಸಲಿಟ್ಟು, ಪ್ರತಿ ಸಲ ಐದು ನಿಮಿಷ ಕುದಿಸಿ ಬಳಸಿ. ಬಟ್ಟೆಯನ್ನು ಹಿಂಡಬೇಡಿ. ಹಿಂಡಿದರೆ ನುಣ್ಣನೆಯ ಪುಡಿ ಇಳಿಯುತ್ತದೆ, ಕೈಯಲ್ಲಿದ್ದ ಸೂಕ್ಷ್ಮಜೀವಿಗಳೂ ಇಳಿಯುತ್ತವೆ. ತಾನಾಗಿಯೇ ಇಳಿಯಲು ಬಿಡಿ.

ಎಷ್ಟು ದಿನ ಇಡಬಹುದು

600 ಮಿಲಿಯನ್ನು ಒಂದೇ ಬಾಟಲಿಗೆ ತುಂಬದೆ, ಕುದಿನೀರಲ್ಲಿ ತೊಳೆದ 200 ಮಿಲಿಯ ಮೂರು ಬಾಟಲಿಗೆ ಹಂಚಿ. ಒಂದು ಮುಗಿಯುವವರೆಗೆ ಉಳಿದೆರಡನ್ನು ತೆರೆಯುವ ಪ್ರಮೇಯ ಬರುವುದಿಲ್ಲ. ಸೋಸಿದ ತಾರೀಖು ಬರೆದು ಅಂಟಿಸಿ. ನೀರು, ಹಾಲು, ಸಕ್ಕರೆ ಬೆರೆಸದ ಡಿಕಾಕ್ಷನ್ 5 ಡಿಗ್ರಿಗಿಂತ ಕೆಳಗೆ ಇದ್ದರೆ ಮನೆಯಲ್ಲಿ ಏಳು ದಿನದ ಮಿತಿ ಹಾಕಿಕೊಳ್ಳಿ. ಅದರಾಚೆಗೂ ರುಚಿ ಉಳಿಯಬಹುದು, ಆದರೆ ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ನಿಧಾನವಾಗಿ ಬೆಳೆಯಬಲ್ಲವು. ಹಾಲು ಬೆರೆಸಿದ್ದನ್ನು ಅಂದೇ ಕುಡಿದು ಮುಗಿಸಿ.

ಬಾಟಲಿಯ ಜಾಗ ಫ್ರಿಜ್ ಬಾಗಿಲಲ್ಲಲ್ಲ, ಒಳಗಿನ ಅರೆಯ ಹಿಂಬದಿ. ತೆರೆದಾಗಲೆಲ್ಲ ಬಿಸಿಗಾಳಿ ಮೊದಲು ತಾಗುವುದು ಬಾಗಿಲಿನ ಅರೆಗೆ. ಹಿಂಬದಿಯ ತಂಪು ಎಷ್ಟೆಂದು ತಿಳಿಯಲು ಅಲ್ಲಿ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಇಟ್ಟು ನೋಡಿ.

ಕರೆಂಟ್ ಹೋದಾಗ ಬಾಗಿಲು ತೆರೆಯದೇ ಇದ್ದರೆ ಫ್ರಿಜ್ ಸುಮಾರು ನಾಲ್ಕು ತಾಸು ತಂಪು ಹಿಡಿದಿರುತ್ತದೆ. ಅದಕ್ಕಿಂತ ಹೆಚ್ಚಾದರೆ ಡಿಕಾಕ್ಷನ್ ಚೆಲ್ಲಿಬಿಡಿ. ಕಟ್ಟೆಯ ಮೇಲೆ ಮರೆತ ಬಾಟಲಿಗೆ ಸಾಮಾನ್ಯ ದಿನಗಳಲ್ಲಿ ಎರಡು ತಾಸು, ಕೋಣೆಯ ಕಾವು 32 ಡಿಗ್ರಿ ದಾಟಿದ್ದರೆ ಒಂದೇ ತಾಸು ಮಿತಿ. ಗುಳ್ಳೆ ಏಳುವುದು, ಮೇಲೆ ಪೊರೆ ಕಟ್ಟುವುದು, ಮುಚ್ಚಳ ಉಬ್ಬುವುದು, ಹುಳಿತ ವಾಸನೆ ಇವೆಲ್ಲ ಕೆಟ್ಟದ್ದರ ಗುರುತು. ಆದರೆ ಮೂಸಿ ನೋಡಿ ತೀರ್ಮಾನಿಸಬೇಡಿ. ಬಾಟ್ಯುಲಿಸಂನ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ; ಗಾಳಿಯಾಡದ ಮುಚ್ಚಿದ ಬಾಟಲಿ ಬೆಚ್ಚಗಿದ್ದರೆ ಅದಕ್ಕೆ ಅನುಕೂಲ. ಅನುಮಾನ ಬಂದದ್ದನ್ನು ಕುದಿಸಿ ಉಳಿಸಿಕೊಳ್ಳಲೂ ಹೋಗಬೇಡಿ, ಕೈಯಿಂದ ಸೇರುವ ಕೆಲವು ಬ್ಯಾಕ್ಟೀರಿಯಾಗಳು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ.

ಒಂದು ಲೋಟಕ್ಕೆ 60 ಮಿಲಿ ಡಿಕಾಕ್ಷನ್, ಅಷ್ಟೇ ತಣ್ಣೀರು ಅಥವಾ ಹಾಲು, ಮೇಲೆ ಐಸ್. ಇಷ್ಟರಲ್ಲೇ 100 ಮಿಲಿಗ್ರಾಂಗೂ ಹೆಚ್ಚು ಕೆಫೀನ್ ಇರಬಹುದು, ರೊಬಸ್ಟಾ ಬೀಜವಾದರೆ ಅದರ ಎರಡು ಪಟ್ಟು. ವಾರದಲ್ಲಿ ಹತ್ತು ಲೋಟ ಮುಗಿಯುವುದಿಲ್ಲ ಎನಿಸಿದರೆ, ಸೋಸಿದ ದಿನವೇ ಒಂದು ಬಾಟಲಿಯಷ್ಟನ್ನು ಐಸ್ ಟ್ರೇಗೆ ಸುರಿದು ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ತುಂಡುಗಳನ್ನು ಮುಚ್ಚಿದ ಡಬ್ಬಿಗೆ ಹಾಕಿಟ್ಟರೆ ಎರಡು ತಿಂಗಳು ರುಚಿ ಕೆಡದು, ಬೇಕಾದಷ್ಟನ್ನೇ ನೇರ ಲೋಟಕ್ಕೆ ಹಾಕಿಕೊಳ್ಳಬಹುದು.