‘ಆಗಲ್ಲ’ ಅನ್ನುವ ಪತ್ರವನ್ನೇ ನಾನು ಮೊದಲು ಬರೆಯುತ್ತೇನೆ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ನೋಡಿಕೊಳ್ಳುತ್ತೇನೆ. ಆಫೀಸು, ಶಾಪ್ ಫ್ಲೋರ್ ಸೇರಿ ಹೆಚ್ಚುಕಡಿಮೆ ಇನ್ನೂರು ಜನ. ಮನೆಯಲ್ಲಿ ಕಾಯಿಲೆಯವರಿದ್ದಾರೆ, ಸಮಯ ಸ್ವಲ್ಪ ಆಚೀಚೆ ಮಾಡಿಕೊಡಿ ಅಂತ ಬರುವ ಅರ್ಜಿಗಳಿಗೆ ನಮ್ಮಲ್ಲಿ ಬರವಣಿಗೆಯ ಉತ್ತರವೇ ಇರಲಿಲ್ಲ. ನಾನು ಶುರು ಮಾಡಿದಾಗ ನಮ್ಮ ಡೈರೆಕ್ಟರ್ ಹೇಳಿದ್ದು ಒಂದೇ ಮಾತು: "ಬರೆದು ಕೊಟ್ಟರೆ ನಾಳೆ ಅದನ್ನೇ ಹಿಡ್ಕೊಂಡು ಬರ್ತಾರೆ ಮೇಡಂ, ಬಾಯಲ್ಲಿ ಹೇಳಿಬಿಡಿ." ಬೇರೆ ಕಂಪನಿಗಳ ಎಚ್‌ಆರ್ ಗೆಳೆಯರೂ ಇದನ್ನೇ ಹೇಳಿದರು. ಈಗ ಅವರೇ ನನ್ನ ಪತ್ರಗಳ ನಮೂನೆ ಕೇಳುತ್ತಾರೆ.

ನನ್ನ ದಾರಿ ಇಷ್ಟೇ. ಅರ್ಜಿ ಬಂದ ಕೂಡಲೇ ನಿರಾಕರಣೆಯ ಪತ್ರ ಬರೆಯಲು ಕೂರುತ್ತೇನೆ. ಕಾರಣ ಎರಡು ಸಾಲಿನಲ್ಲಿ ಬರಬೇಕು, ಅರ್ಜಿ ಕೊಟ್ಟವರು ಅದನ್ನು ಶಾಪ್ ಫ್ಲೋರ್‌ಗೆ ಹೋಗಿ ಸ್ವತಃ ನೋಡಿ ಹೌದು ಅನ್ನುವಂತಿರಬೇಕು. ಅಂಥ ಎರಡು ಸಾಲು ಹುಟ್ಟಲಿಲ್ಲ ಅಂದರೆ ನಿರಾಕರಿಸಲು ಕಾರಣವೇ ಇಲ್ಲ. ಅರ್ಧ ಮಾತ್ರ ಹುಟ್ಟಿದರೆ ಅರ್ಧ ಒಪ್ಪಿಗೆ. ನಮ್ಮ ದೇಶದಲ್ಲಿ ತಂದೆ ತಾಯಿಯನ್ನು ನೋಡಿಕೊಳ್ಳಲು ಸಮಯ ಬದಲಿಸಿ ಕೊಡಲೇಬೇಕು ಅನ್ನುವ ಕಾನೂನಿಲ್ಲ. ಹೆರಿಗೆ ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡುವುದನ್ನು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಕೂಡ ಇಬ್ಬರ ಒಪ್ಪಿಗೆಗೇ ಬಿಟ್ಟಿತ್ತು. ಬ್ರಿಟನ್ನಿನಲ್ಲಿ ಹಾಗಲ್ಲ. ನಿರಾಕರಿಸಲು ಕಾನೂನಿನಲ್ಲೇ ಬರೆದ ಎಂಟು ಕಾರಣಗಳಿವೆ, ಅವುಗಳಲ್ಲಿ ಒಂದನ್ನಾದರೂ ತೋರಿಸಬೇಕು. 2024ರ ಏಪ್ರಿಲ್‌ನಿಂದ ನಿರಾಕರಿಸುವ ಮುಂಚೆ ಕೂತು ಮಾತಾಡುವುದೂ ಕಡ್ಡಾಯ. ಆ ಪಟ್ಟಿಯನ್ನು ನಾನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಖರ್ಚು ಜಾಸ್ತಿ, ಕೆಲಸ ಹಂಚಲು ಆಗಲ್ಲ, ಗ್ರಾಹಕರಿಗೆ ತೊಂದರೆ, ಹೀಗೆಲ್ಲ ಇದೆ. ‘ಇವರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ’ ಅನ್ನುವುದು ಅದರಲ್ಲಿ ಇಲ್ಲ. ನಮ್ಮ ಮ್ಯಾನೇಜರುಗಳು ಮೊದಲು ಹೇಳುವುದೇ ಅದನ್ನ.

ಪೂರ್ತಿ ಒಪ್ಪಿಗೆ ಸುಲಭ ಅನ್ಕೋಬೇಡಿ, ಜಾಸ್ತಿ ಗಲಾಟೆ ಆಗುವುದು ಅಲ್ಲೇ. ಡಿಸೈನ್ ವಿಭಾಗದ ಒಬ್ಬರು ಮಗನನ್ನು ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗಬೇಕು, 9ರ ಬದಲು 10:30ಕ್ಕೆ ಬಂದು ಸಂಜೆ ಅಷ್ಟು ತಡವಾಗಿ ಹೋಗುತ್ತೇನೆ ಅಂದಿದ್ದರು. ಒಪ್ಪಿದೆವು. ತಿಂಗಳ ಕೊನೆಗೆ ನೋಡಿದರೆ ಹಾಜರಿ ಸಾಫ್ಟ್‌ವೇರ್ ದಿನಾ ಅರ್ಧ ದಿನ ಗೈರು ಅಂತ ಹಾಕಿ ಸಂಬಳ ಕತ್ತರಿಸಿತ್ತು. ಪೇರೋಲ್‌ಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಬಯೋಮೆಟ್ರಿಕ್‌ನಲ್ಲಿ ಶಿಫ್ಟ್ ಕೋಡ್ ಬದಲಾದ ಮೇಲೇ ಪತ್ರ ಹೊರಡುತ್ತದೆ. ಪತ್ರದಲ್ಲೂ ಬರೆಯುತ್ತೇನೆ: "ನಿಮ್ಮ ಸಮಯ ಸೋಮವಾರದಿಂದ 10:30ರಿಂದ 7. ಸಂಬಳ, ರಜೆ, ಇನ್‌ಕ್ರಿಮೆಂಟ್ ಯಾವುದೂ ಬದಲಾಗುವುದಿಲ್ಲ. ಹಾಜರಿ ವ್ಯವಸ್ಥೆಯಲ್ಲಿ ಈಗಾಗಲೇ ಬದಲಿಸಲಾಗಿದೆ." ‘ವಿಶೇಷ ರಿಯಾಯಿತಿ’, ‘ಮಾನವೀಯತೆಯ ಆಧಾರದ ಮೇಲೆ’ ಅಂತೆಲ್ಲ ಹಾಕುವುದಿಲ್ಲ. ಅವರು ಎಂಟು ಗಂಟೆ ಕೆಲಸ ಮಾಡಿ ಸಂಬಳ ತಗೊಳ್ತಾರೆ, ಅದರಲ್ಲಿ ಉಪಕಾರ ಏನು ಬಂತು? ಮಗುವಿನ ತೊಂದರೆಯ ಹೆಸರನ್ನೂ ಪತ್ರದಲ್ಲಿ ಬರೆಯುವುದಿಲ್ಲ, ಯಾಕಂದರೆ ಅದರ ಪ್ರತಿ ಇನ್ನೂ ಮೂರು ಜನಕ್ಕೆ ಹೋಗುತ್ತದೆ.

ನನಗೆ ಹೆಮ್ಮೆ ಇರುವುದು ಅರ್ಧ ಒಪ್ಪಿಗೆಯ ಒಂದು ಪತ್ರದ ಬಗ್ಗೆ. ಅಕೌಂಟ್ಸ್‌ನ ಒಬ್ಬರ ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಮಂಗಳವಾರ, ಗುರುವಾರ, ಶನಿವಾರ. ಯಂತ್ರದ ಮೇಲೆ ನಾಲ್ಕು ಗಂಟೆ, ಹೋಗಿ ಬರುವುದು, ಸೂಜಿ ತೆಗೆದ ಮೇಲೆ ರಕ್ತ ನಿಲ್ಲುವ ತನಕ ಕಾಯುವುದು ಸೇರಿ ಅರ್ಧ ದಿನ ಹೋಗುತ್ತದೆ. ಮೂರೂ ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂತ ಕೇಳಿದ್ದರು. ನಮ್ಮ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಆಫೀಸಿನ ಸರ್ವರ್‌ನಲ್ಲೇ ಇದೆ, ಹೊರಗಿನಿಂದ ತೆರೆಯಲು ಬಿಡುವುದಿಲ್ಲ. ಮತ್ತೆ ಪ್ರತಿ ತಿಂಗಳು 11ನೇ ತಾರೀಕಿಗೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಕೊನೆಯ ದಿನ. ಇವೆರಡೂ ನಿಜವಾದ ಕಾರಣ. ಉಳಿದದ್ದಕ್ಕೆ ಕಾರಣ ಸಿಗಲಿಲ್ಲ.

ಪತ್ರಕ್ಕೆ ಮುಂಚೆ ಅವರ ಜೊತೆ ಕೂತು ಮಾತಾಡಿದೆ. ಡಯಾಲಿಸಿಸ್ ಸೆಂಟರ್‌ನಲ್ಲಿ ಬೆಳಗ್ಗೆ 6ರ ಮೊದಲ ಪಾಳಿ ಸಿಕ್ಕರೆ ತಂದೆಯನ್ನು ಮನೆಗೆ ಬಿಟ್ಟು ಊಟ ಮಾಡಿಸಿ 1 ಗಂಟೆಗೆ ಬರಬಹುದು ಅಂದರು. ಪಾಳಿ ಸಿಕ್ಕಿತು. ಪತ್ರದ ಮುಖ್ಯ ಸಾಲುಗಳು ಹೀಗಿದ್ದವು:

"ಮಂಗಳ, ಗುರು, ಶನಿವಾರ ಮಧ್ಯಾಹ್ನ 1ರಿಂದ 6:30, ಉಳಿದ ಮೂರು ದಿನ ಬೆಳಗ್ಗೆ 8:30ರಿಂದ 6: ಇದಕ್ಕೆ ಒಪ್ಪಿಗೆ ಇದೆ. ಮನೆಯಿಂದ ಕೆಲಸಕ್ಕೆ ಒಪ್ಪಿಗೆ ಇಲ್ಲ, ಟ್ಯಾಲಿ ಹೊರಗಿನಿಂದ ತೆರೆಯುವುದಿಲ್ಲ. 10 ಅಥವಾ 19ನೇ ತಾರೀಕು ಡಯಾಲಿಸಿಸ್ ದಿನವೇ ಬಂದರೆ ಅಂದು ಮಾತ್ರ 10:30ಕ್ಕೆ ಬರಬೇಕು. ಮುಂದಿನ ಮೂರು ತಿಂಗಳ ಅಂಥ ತಾರೀಕುಗಳು ಕೆಳಗಿವೆ. ಮೂರು ತಿಂಗಳಾದ ಮೇಲೆ ಇಬ್ಬರೂ ಕೂತು ನೋಡೋಣ, ಅಲ್ಲಿಯವರೆಗೆ ಇದನ್ನು ಹಿಂದಕ್ಕೆ ತಗೊಳ್ಳುವುದಿಲ್ಲ."

ತಾರೀಕು ಮೊದಲೇ ಗೊತ್ತಿದ್ದಿದ್ದರಿಂದ ಅವರ ತಮ್ಮ ಆ ದಿನಗಳಿಗೆ ರಜೆ ಹಾಕಿಕೊಂಡರು. ‘ಅಗತ್ಯ ಬಿದ್ದಾಗ ಬರಬೇಕು’ ಅಂತ ಬರೆದಿದ್ದರೆ ಅಗತ್ಯ ದಿನಾ ಬೀಳುತ್ತಿತ್ತು.

ದುಡ್ಡಿನ ಪ್ರಶ್ನೆ ಬಂದೇ ಬಂತು. ಪೂರ್ತಿ ದಿನಗಳ ಊಟದ ಅರ್ಧ ಗಂಟೆ ಕಳೆದರೆ 48 ಗಂಟೆಯ ವಾರದಲ್ಲಿ ನಾಲ್ಕೂವರೆ ಗಂಟೆ ಕಮ್ಮಿ ಬೀಳುತ್ತದೆ, ಅದನ್ನ ಯಾರು ಕೊಡ್ತಾರೆ ಅಂದರು ಡೈರೆಕ್ಟರ್. ಅವರ ಸಂಬಳ ಸುಮಾರು 32 ಸಾವಿರ. ಲೆಕ್ಕ ಹಾಕಿದರೆ ತಿಂಗಳಿಗೆ ಮೂರು ಸಾವಿರದ ಆಸುಪಾಸು, ವರ್ಷಕ್ಕೆ 36 ಸಾವಿರ. ಅವರು ಬಿಟ್ಟು ಹೋದರೆ ಹೊಸಬರನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿಗೇ ವರ್ಷದ ಸಂಬಳದ 8.33 ಪರ್ಸೆಂಟ್, ಅಂದರೆ ಒಂದು ತಿಂಗಳ ಸಂಬಳ. ಹೊಸಬರು ನಮ್ಮ ಪಾರ್ಟಿಗಳ ಲೆಡ್ಜರ್ ಕಲಿಯುವವರೆಗಿನ ಸಂಬಳ ಬೇರೆ. ಈ ಲೆಕ್ಕ ಒಂದು ಹಾಳೆಯಲ್ಲಿ ಬರೆದುಕೊಟ್ಟೆ, ಸಂಬಳ ಕಡಿತ ಇಲ್ಲದೆ ಸಹಿ ಬಿತ್ತು. ಹಾಳೆ ಕೊಡುವ ಮುಂಚೆ ವಿಭಾಗದ ಮುಖ್ಯಸ್ಥರನ್ನು ಹೇಗೆ ಒಪ್ಪಿಸುತ್ತೇನೆ ಅನ್ನುವುದನ್ನ ಮಾತ್ರ ಇಲ್ಲಿ ಬರೆಯಲ್ಲ. ಅದು ನನ್ನ ಹತ್ತಿರವೇ ಇರಲಿ.

ಮಧ್ಯೆ ಇನ್ನೊಂದು ಪ್ರಯೋಗವೂ ನಡೆಯಿತು. ಅರ್ಜಿಯ ಮೇಲೆ ಪಕ್ಕದ ಸೀಟಿನವರ ‘ಅಭ್ಯಂತರ ಇಲ್ಲ’ ಸಹಿ ತರಲಿ ಅಂದರು ಮ್ಯಾನೇಜರುಗಳು. ಕೆಲವೇ ವಾರದಲ್ಲಿ ಕೆಟ್ಟಿತು. ಸಹಿ ಹಾಕಿದವರು ಲೆಕ್ಕ ಇಡಲು ಶುರು ಮಾಡಿದರು, ಹಾಕದವರ ಜೊತೆ ಮಾತೇ ನಿಂತಿತು. ಕೆಲಸ ಹಂಚುವುದು ಮ್ಯಾನೇಜರ್ ಜವಾಬ್ದಾರಿ, ಅದನ್ನು ಅರ್ಜಿದಾರರ ತಲೆಗೆ ಕಟ್ಟಬಾರದು.

ಇನ್ನು ನಿರಾಕರಣೆ. ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಫರ್ನೇಸ್ ನೋಡಿಕೊಳ್ಳುವ ಒಬ್ಬರು, ಹಾಸಿಗೆ ಹಿಡಿದ ತಾಯಿಗೆ ಸ್ನಾನ ಮಾಡಿಸಿ ಬರಬೇಕು, ಬೆಳಗ್ಗೆ 6ರ ಬದಲು 8ಕ್ಕೆ ಬರುತ್ತೇನೆ ಅಂದರು. ರಾತ್ರಿ ಪಾಳಿಯವರು 6ಕ್ಕೆ ಇಳಿಯುತ್ತಾರೆ. ಒಳಗೆ ಲೋಡ್ ಇರುವಾಗ ಎರಡು ಗಂಟೆ ಆಪರೇಟರ್ ಇಲ್ಲದೆ ಬಿಡುವ ಹಾಗಿಲ್ಲ, ಆ ಕೆಲಸ ಗೊತ್ತಿದ್ದವರು ಪಾಳಿಗೆ ಒಬ್ಬರೇ. ಇಲ್ಲಿ ಎರಡು ಸಾಲು ತಾನಾಗಿ ಬಂತು. ಮೊದಲು ಎದುರು ಕೂರಿಸಿ ಹೇಳಿದೆ, ಅದೇ ದಿನ ಪತ್ರ ಕೊಟ್ಟೆ:

"8ಕ್ಕೆ ಬರುವ ಕೋರಿಕೆಗೆ ಒಪ್ಪಿಗೆ ಕೊಡಲು ಆಗುತ್ತಿಲ್ಲ. 6ರಿಂದ 8ರವರೆಗೆ ಫರ್ನೇಸ್ ನೋಡಲು ತರಬೇತಿ ಪಡೆದ ಇನ್ನೊಬ್ಬರು ಈಗ ಇಲ್ಲ. ರಾತ್ರಿ ಪಾಳಿಯವರನ್ನು 8ರವರೆಗೆ ಉಳಿಸುವುದನ್ನೂ ನೋಡಿದೆವು, ದಿನಾ ಹತ್ತು ಗಂಟೆ ಆಗುತ್ತದೆ. ಇನ್ನೊಬ್ಬರಿಗೆ ತರಬೇತಿ ಈ ತಿಂಗಳು ಶುರುವಾಗುತ್ತದೆ. ಅದು ಮುಗಿದ ದಿನ ನಾವೇ ನಿಮ್ಮನ್ನು ಕರೆಯುತ್ತೇವೆ, ಮತ್ತೆ ಅರ್ಜಿ ಬೇಡ. ಅಲ್ಲಿಯವರೆಗೆ ಮಧ್ಯಾಹ್ನದ ಪಾಳಿ ಬೇಕಾದರೆ ಕೊಡುತ್ತೇವೆ."

‘ವಿಷಾದಿಸುತ್ತೇವೆ’, ‘ಕಂಪನಿ ನಿಯಮದಂತೆ’ ಒಂದೂ ಇಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ವಾ ಅಂತ ಬರವಣಿಗೆಯಲ್ಲೂ ಕೇಳಲ್ಲ, ಬಾಯಲ್ಲೂ ಕೇಳಲ್ಲ. ಅವರು ಮಧ್ಯಾಹ್ನದ ಪಾಳಿ ತಗೊಂಡರು. ತರಬೇತಿಗೆ ಮೂರು ತಿಂಗಳ ಮೇಲೇ ಹಿಡಿಯಿತು, ಮುಗಿದ ದಿನ ಕರೆದೆವು. ಮಧ್ಯಾಹ್ನದ ಪಾಳಿಯೇ ಚೆನ್ನಾಗಿದೆ, ಹಾಗೇ ಇರಲಿ ಮೇಡಂ ಅಂದರು. ಅದಕ್ಕೂ ಒಂದು ಪತ್ರ ಮಾಡಿಕೊಟ್ಟೆ.