ಪ್ಲಸ್ಸೋ ಮೈನಸ್ಸೋ? ಥರ್ಮೋಡೈನಾಮಿಕ್ಸ್ ಲೆಕ್ಕದಲ್ಲಿ ಚಿಹ್ನೆ ಪರೀಕ್ಷಿಸುವುದು ಹೀಗೆ

ಸೂತ್ರ ಸರಿ, ಗುಣಾಕಾರ ಸರಿ, ಉತ್ತರ ಮಾತ್ರ ತಪ್ಪು. ಥರ್ಮೋಡೈನಾಮಿಕ್ಸ್ ಲೆಕ್ಕದಲ್ಲಿ ಹೀಗಾದರೆ ನಾನು ಮೊದಲು ಹುಡುಕುವುದು ಒಂದು ಮೈನಸ್ ಗುರುತನ್ನು. ಒಂದು ಲೆಕ್ಕ ಇಟ್ಟುಕೊಂಡೇ ನೋಡೋಣ.

ಪಿಸ್ಟನ್ ಇರುವ ಸಿಲಿಂಡರಿನಲ್ಲಿ ಹೀಲಿಯಂ ಇದೆ. ಒತ್ತಡ 1,50,000 ಪ್ಯಾಸ್ಕಲ್, ಅದು ಬದಲಾಗುವುದಿಲ್ಲ. ಗಾತ್ರ 5 ಲೀಟರಿನಿಂದ 3 ಲೀಟರಿಗೆ ಇಳಿಯುತ್ತದೆ. ಅನಿಲ 750 ಜೂಲ್ ಶಾಖ ಹೊರಬಿಡುತ್ತದೆ. ಆಂತರಿಕ ಶಕ್ತಿ ಎಷ್ಟು ಬದಲಾಯಿತು?

ಪೆನ್ನು ಹಿಡಿದ ಕೂಡಲೇ ಹಾಳೆಯ ತಲೆಯಲ್ಲಿ ಯಾವ ಸೂತ್ರ ಬಳಸುತ್ತೀರಿ ಎಂದು ಬರೆಯಿರಿ. ರಸಾಯನಶಾಸ್ತ್ರದವರು ಸಾಮಾನ್ಯವಾಗಿ ΔU = Q + W ಎನ್ನುತ್ತಾರೆ. ಅಲ್ಲಿ W ಅಂದರೆ ಅನಿಲದ ಮೇಲೆ ನಡೆದ ಕೆಲಸ. ಭೌತಶಾಸ್ತ್ರದ ಎಷ್ಟೋ ಪುಸ್ತಕಗಳಲ್ಲಿ ΔU = Q − W ಎಂದಿರುತ್ತದೆ. ಅಲ್ಲಿ W ಅಂದರೆ ಅನಿಲವೇ ಮಾಡಿದ ಕೆಲಸ. ಎರಡೂ ಸರಿ, ಬೆರೆಸಿದರೆ ಮಾತ್ರ ಕೆಟ್ಟಿತು. ಸೂತ್ರದ ಪಕ್ಕದಲ್ಲೇ ‘W = ಅನಿಲದ ಮೇಲೆ’ ಎಂದು ಎರಡು ಪದ ಸೇರಿಸಿ. ನಾವು ಅದನ್ನೇ ಬಳಸೋಣ.

ಆಮೇಲೆ ಒಂದು ಚಿಕ್ಕ ಚೌಕ ಬರೆದು ಬಾಣ ಹಾಕಿ. ಶಾಖದ ಬಾಣ ಹೊರಗೆ, 750. ಪಿಸ್ಟನ್ ಒಳಗೆ ಒತ್ತಿದೆ, ಹಾಗಾಗಿ ಕೆಲಸದ ಬಾಣ ಒಳಗೆ. 2 ಲೀಟರ್ ಅಂದರೆ 0.002 ಘನ ಮೀಟರ್. ಅದನ್ನು ಒತ್ತಡದಿಂದ ಗುಣಿಸಿದರೆ 300 ಜೂಲ್. ಇಲ್ಲಿಯವರೆಗೆ ಎಲ್ಲೂ ಚಿಹ್ನೆ ಹಾಕಬೇಡಿ. ಬಾಣಗಳೇ ಸಾಕು. ಸೂತ್ರಕ್ಕೆ ತುಂಬುವಾಗ ಮಾತ್ರ, ಒಂದೇ ಸಲ, ಆವರಣದೊಳಗೆ ಹಾಕಿ: ΔU = (−750) + (+300) = −450 ಜೂಲ್.

ಕೈಬರಹದಲ್ಲಿ ಒಂದು ಕಿತಾಪತಿ ಇದೆ. ‘ಹೊರಬಿಟ್ಟ ಶಾಖ – 750’ ಎಂದು ಬರೆದಿರುತ್ತೀರಿ. ಆ ಗೆರೆ ಮೈನಸ್ಸಾ, ಸುಮ್ನೆ ಎಳೆದ ಅಡ್ಡಗೆರೆಯಾ? ನಾಲ್ಕು ಸಾಲು ಕೆಳಗೆ ಹೋಗುವಷ್ಟರಲ್ಲಿ ಬರೆದವರಿಗೇ ಮರೆತಿರುತ್ತದೆ. ‘ಹೊರಬಿಟ್ಟ’ ಎಂದಮೇಲೆ ದಿಕ್ಕು ಆ ಪದದಲ್ಲೇ ಬಂತು, ಮತ್ತೆ ಮೈನಸ್ ಹಾಕಿದರೆ ಎರಡು ಸಲ ಹಾಕಿದಂತೆ. ಅಡ್ಡಗೆರೆಯ ಬದಲು ಎರಡು ಚುಕ್ಕಿ ಇಡಿ, ತಂಟೆ ಮುಗಿಯಿತು.

ಈಗ ಪರೀಕ್ಷೆ. ಇನ್ನೊಂದು ಸೂತ್ರದಲ್ಲಿ ಅದೇ ಲೆಕ್ಕ ಮಾಡಿ: ಅನಿಲ ಮಾಡಿದ ಕೆಲಸ −300, ಆದ್ದರಿಂದ ΔU = (−750) − (−300) = −450. ಸೂತ್ರ ಬದಲಿಸಿದಾಗ W ಚಿಹ್ನೆ ಮಾತ್ರ ತಿರುಗಬೇಕು. Q ಅಥವಾ ΔU ಕೂಡ ತಿರುಗಿದರೆ ಎಲ್ಲೋ ಎಡವಟ್ಟಾಗಿದೆ.

ಇದಕ್ಕಿಂತ ನನಗೆ ಜಾಸ್ತಿ ನಂಬಿಕೆ ಇನ್ನೊಂದು ಪರೀಕ್ಷೆಯ ಮೇಲೆ, ಏಕೆಂದರೆ ಅದರಲ್ಲಿ Q, W ಎರಡೂ ಬರುವುದೇ ಇಲ್ಲ. ಹೀಲಿಯಂ ಒಂಟಿ ಪರಮಾಣುಗಳ ಅನಿಲ. ಅದನ್ನು ಆದರ್ಶ ಅನಿಲ ಎಂದುಕೊಂಡರೆ U = 1.5 PV. ಮೊದಲು 1125 ಜೂಲ್, ಕೊನೆಗೆ 675 ಜೂಲ್. ವ್ಯತ್ಯಾಸ −450. ಸರಿಹೋಯಿತು.

ಸೂತ್ರ ಬೆರೆಸಿದವರ ಕಥೆ ನೋಡಿ. ರಸಾಯನಶಾಸ್ತ್ರದ +300 ತಂದು ಭೌತಶಾಸ್ತ್ರದ ಸೂತ್ರಕ್ಕೆ ಹಾಕಿದರೆ −750 − 300 = −1050. ಆಗ ಅನಿಲದಲ್ಲಿ ಉಳಿಯುವುದು ಬರೀ 75 ಜೂಲ್. ಆರಂಭದ ತಾಪಮಾನ 500 ಕೆಲ್ವಿನ್ ಇದ್ದರೆ ಈ ಲೆಕ್ಕದಲ್ಲಿ ಕೊನೆಗೆ ಸುಮಾರು 33 ಕೆಲ್ವಿನ್ ಆಗಬೇಕು. ಆದರೆ ಒತ್ತಡ ಬದಲಾಗದಿದ್ದಾಗ ತಾಪಮಾನ ಗಾತ್ರದ ಜೊತೆಗೇ ಇಳಿಯುತ್ತದೆ. 5 ಹೋಗಿ 3 ಆದರೆ 500 ಹೋಗಿ 300 ಆಗಬೇಕು, ಅಲ್ವಾ? ಗಮನಿಸಿ, ತಪ್ಪು ಉತ್ತರವೂ ಮೈನಸ್ಸೇ. ಹಾಗಾಗಿ ‘ತಾಪಮಾನ ಇಳಿಯಿತು, ΔU ಮೈನಸ್, ಸರಿ’ ಎಂದು ಅಲ್ಲಿಗೇ ಬಿಟ್ಟರೆ ಇದು ಸಿಕ್ಕಿಬೀಳುವುದಿಲ್ಲ. ಎಷ್ಟು ಇಳಿಯಿತು ಎಂದೂ ನೋಡಬೇಕು.

ತಾಪಮಾನದ ಈ ಪರೀಕ್ಷೆ ಎಲ್ಲ ಲೆಕ್ಕಕ್ಕೂ ಆಗುವುದಿಲ್ಲ. ಮಂಜುಗಡ್ಡೆ ಕರಗುವಾಗ ತಾಪಮಾನ ಒಂದೇ ಇರುತ್ತದೆ, ಆಂತರಿಕ ಶಕ್ತಿ ಮಾತ್ರ ಏರುತ್ತದೆ. ಗಾತ್ರ ನೋಡಿ ಕೆಲಸದ ಚಿಹ್ನೆ ಹೇಳುವುದಕ್ಕೂ ಮಿತಿ ಇದೆ. ಅನಿಲ ನಿರ್ವಾತಕ್ಕೆ ನುಗ್ಗಿದರೆ ಗಾತ್ರ ಹೆಚ್ಚುತ್ತದೆ, ಆದರೆ ಕೆಲಸ ಸೊನ್ನೆ. ಮುಚ್ಚಿದ ಗಟ್ಟಿ ಪಾತ್ರೆಯೊಳಗೆ ಫ್ಯಾನ್ ತಿರುಗಿಸಿ ಅನಿಲ ಕಲಕಿದರೆ ಗಾತ್ರ ಬದಲಾಗುವುದಿಲ್ಲ. ಆದರೂ ಅನಿಲದ ಮೇಲೆ ಕೆಲಸ ನಡೆದಿದೆ, ಬಾಣ ಒಳಗೇ ಹಾಕಬೇಕು.