ಡೊಂಬಿವಲಿಯ ಮನೆಯಲ್ಲಿ ವಿಡಿಯೋ ಇಂಟರ್‌ವ್ಯೂ: ನಾನು ಮಾಡಿದ ಏರ್ಪಾಡು

ಸೀರಿಯಲ್‌ಗಳಿಗೆ ಧ್ವನಿ ರೆಕಾರ್ಡ್ ಮಾಡುವುದು ನನ್ನ ಕೆಲಸ. ಸ್ಟುಡಿಯೋ ಅಂಧೇರಿಯಲ್ಲಿ, ಮನೆ ಡೊಂಬಿವಲಿ ಪೂರ್ವದಲ್ಲಿ. ಅಕ್ಕನ ಮಗಳು ಧಾರವಾಡದಿಂದ ಬಂದು ನಮ್ಮಲ್ಲೇ ಇದ್ದು ಕೆಲಸ ಹುಡುಕುತ್ತಿದ್ದಳು. ಮೊದಲ ಸುತ್ತಿನ ಇಂಟರ್‌ವ್ಯೂ ಎಲ್ಲ ವಿಡಿಯೋದಲ್ಲೇ. ಅದಕ್ಕೆ ಮನೆಯಲ್ಲಿ ಜಾಗ ಮಾಡಿಕೊಡುವ ಕೆಲಸ ನನಗೆ ಬಿತ್ತು.

ಅವಳು ಮೊದಲು ಕೇಳಿದ್ದು ರಿಂಗ್ ಲೈಟ್. ನಾನು ಧ್ವನಿಯಿಂದ ಶುರು ಮಾಡಿದೆ. ಚಿತ್ರ ಒಂದು ಕ್ಷಣ ಮಸುಕಾದರೆ ಎದುರಿನವರು ಸುಮ್ನೆ ಸಹಿಸಿಕೊಳ್ಳುತ್ತಾರೆ. ಒಂದು ಮಾತು ಕೇಳಿಸದಿದ್ದರೆ ‘ಇನ್ನೊಮ್ಮೆ ಹೇಳಿ’ ಎನ್ನಬೇಕಾಗುತ್ತದೆ. ಅಲ್ಲಿಗೆ ಉತ್ತರದ ಓಟ ಮುರಿಯುತ್ತದೆ.

ನಮ್ಮ ಹಾಲ್‌ನಲ್ಲಿ ಟೈಲ್ಸ್ ನೆಲ, ಬರೀ ಗೋಡೆ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಸದ್ದಿನ ಹಿಂದೆ ‘ಟಣ್’ ಎಂದು ಒಂದು ಬಾಲ ಕೇಳುತ್ತದೆ. ಆ ಬಾಲವೇ ಮಾತಿನ ಮೇಲೂ ಕೂರುತ್ತದೆ. ಬೆಡ್‌ರೂಮಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಹಾಸಿಗೆ ಇದೆ, ಬಟ್ಟೆ ತುಂಬಿದ ಕಪಾಟು ಇದೆ. ಕಪಾಟಿನ ಬಾಗಿಲು ತೆರೆದಿಟ್ಟೆ. ಅವಳು ಕೂರುವ ಜಾಗದ ಎದುರು, ಲ್ಯಾಪ್‌ಟಾಪಿನ ಹಿಂದಿನ ಗೋಡೆಗೆ, ಅಮ್ಮ ಹೊಲಿದ ದಪ್ಪ ಕೌದಿ ತೂಗುಹಾಕಿದೆ. ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ, ಬಾಯಿಂದ ನೇರ ಹೋದ ಧ್ವನಿ ಮಾತ್ರ ಅದಕ್ಕೆ ತಾಗಿ ಸಾಯುತ್ತದೆ. ಆದರೆ ಕೌದಿ ತಡೆಯುವುದು ಕೋಣೆಯೊಳಗಿನ ಪ್ರತಿಧ್ವನಿಯನ್ನು. ಹೊರಗಿನ ಲೋಕಲ್ ಟ್ರೇನಿನ ಹಾರ್ನ್ ಅದಕ್ಕೆ ಬಗ್ಗುವುದಿಲ್ಲ. ಅದಕ್ಕೆ ಇರುವುದು ಎರಡೇ ಉಪಾಯ: ಕಿಟಕಿಯ ಗಾಜು ಮುಚ್ಚುವುದು, ಮೈಕನ್ನು ಬಾಯಿ ಹತ್ತಿರ ತರುವುದು.

ಮೈಕ್ ವಿಷಯದಲ್ಲಿ ಸ್ವಲ್ಪ ವಾದ ಆಯಿತು. ಅವಳ ಹತ್ತಿರ ಒಳ್ಳೆಯ ಬ್ಲೂಟೂತ್ ಇಯರ್‌ಬಡ್ಸ್ ಇದ್ದವು. ಹಾಡು ಕೇಳಲು ಅವು ಚೆನ್ನ. ಆದರೆ ಮೈಕ್ ಆನ್ ಆದ ಕೂಡಲೇ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಲೂಟೂತ್ ಬೇರೆ ದಾರಿ ಹಿಡಿಯುತ್ತದೆ. ಹಾಡಿಗೆ ಇರುವ ಅಗಲವಾದ ದಾರಿ ಬಿಟ್ಟು ಫೋನ್ ಮಾತಿಗೆಂದು ಇರುವ ಕಿರಿದಾದ ದಾರಿಗೆ ಬರುತ್ತದೆ. ಧ್ವನಿ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಎರಡನ್ನೂ ರೆಕಾರ್ಡ್ ಮಾಡಿ ಕೇಳಿಸಿದೆ. ಆಮೇಲೆ ಅವಳೇ ನನ್ನ ಹಳೆಯ ವೈರ್ ಇಯರ್‌ಫೋನ್ ಎತ್ತಿಕೊಂಡಳು.

ವೈರಿನ ಮೈಕನ್ನು ಇಳಿಬಿಟ್ಟರೆ ಕೂದಲಿಗೆ, ವೇಲ್‌ಗೆ ಉಜ್ಜಿ ಸರಸರ ಸದ್ದು ಬರುತ್ತದೆ. ಬಾಯಿಂದ ಒಂದು ಗೇಣು ಕೆಳಗೆ, ಕುರ್ತಾದ ಅಂಚಿಗೆ ಸಣ್ಣ ಕ್ಲಿಪ್ ಹಾಕಿ ನಿಲ್ಲಿಸಿದೆ. ದೂರ ಎರಡು ಪಟ್ಟಾದರೆ ಬಾಯಿಂದ ನೇರ ಬರುವ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಲ್ಯಾಪ್‌ಟಾಪಿನ ಮೈಕ್ ಎರಡು ಅಡಿ ಆಚೆ ಇರುತ್ತದಲ್ಲ, ಅದಕ್ಕೇ ಅದರಲ್ಲಿ ಮಾತಿಗಿಂತ ಕೋಣೆ ಜಾಸ್ತಿ ಕೇಳುವುದು. ಇನ್ನೊಂದು ಮಾತು. ವೈರ್ ಚುಚ್ಚಿದ ಮೇಲೆ ಮೀಟಿಂಗ್ ಆ್ಯಪಿನ ಆಡಿಯೋ ಸೆಟ್ಟಿಂಗ್ ತೆರೆದು, ಯಾವ ಮೈಕ್ ಆಯ್ಕೆಯಾಗಿದೆ ನೋಡಲೇಬೇಕು. ಕಿವಿಯಲ್ಲಿ ಸದ್ದು ಬರುತ್ತಿದ್ದರೂ ಮಾತು ಹೋಗುತ್ತಿರುವುದು ಲ್ಯಾಪ್‌ಟಾಪ್ ಮೈಕಿನಿಂದ ಇರಬಹುದು. ಕ್ಲಿಪ್ಪಿನ ಮೈಕನ್ನು ಉಗುರಿನಿಂದ ಮೆಲ್ಲಗೆ ತಟ್ಟಿದರೆ, ಆ ಸೆಟ್ಟಿಂಗಿನಲ್ಲಿ ಮೈಕಿನ ಸದ್ದು ತೋರಿಸುವ ಪಟ್ಟಿ ಜಿಗಿಯಬೇಕು.

“ಮಾಮಾ, ಫ್ಯಾನ್ ಬಂದ್ ಮಾಡಿದ್ರ ಬೆವತು ನೀರಾಗ್ತೀನಿ,” ಅಂದಳು. ನಿಜವೇ, ಮುಂಬೈ ಸೆಕೆಯಲ್ಲಿ ಕಿಟಕಿಯನ್ನೂ ಮುಚ್ಚಿ ಕೂರುವುದು ಶಿಕ್ಷೆ. ಸೀಲಿಂಗ್ ಫ್ಯಾನಿನ ಗಾಳಿ ನೇರ ಮೈಕಿಗೆ ಬಡಿಯುತ್ತದೆ. ಆ್ಯಪ್ ಅದನ್ನು ಅಳಿಸಲು ಹೋಗಿ ಮಾತಿನ ಕೊನೆಯನ್ನೂ ತಿನ್ನುತ್ತದೆ. ಟೇಬಲ್ ಫ್ಯಾನನ್ನು ನೆಲದ ಮೇಲಿಟ್ಟು, ಕಡಿಮೆ ವೇಗದಲ್ಲಿ ಕಾಲಿಗೆ ಗಾಳಿ ಬರುವಂತೆ ತಿರುಗಿಸಿದೆ. ಅಷ್ಟು ಸಾಕಾಯಿತು.

ಬೆಳಕಿಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕಿಟಕಿ ಮುಖದ ಎದುರು, ಸ್ವಲ್ಪ ಎಡಕ್ಕೆ ಬರುವಂತೆ ಮೇಜು ತಿರುಗಿಸಿದೆ. ಬೆನ್ನ ಹಿಂದೆ ಕಿಟಕಿ ಇದ್ದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪು ಮಾಡುತ್ತದೆ. ಮಳೆಗಾಲವಾದ್ದರಿಂದ ಮೋಡ ಬಂದು ಹೋದಂತೆಲ್ಲ ಮುಖ ಬೆಳಗಿ ಮಂಕಾಗುತ್ತಿತ್ತು. ಕಿಟಕಿಗೆ ಒಂದು ಬಿಳಿ ಪಂಚೆ ಕಟ್ಟಿದೆ. ಪಕ್ಕದ ಬಿಳಿ ಗೋಡೆಗೆ ಬೆಳಕು ಬಿದ್ದು ಬರುವಂತೆ ಒಂದು ಬಿಳಿ ಎಲ್‌ಇಡಿ ಬಲ್ಬ್ ಇಟ್ಟೆ. ಬಲ್ಬ್ ಹಳದಿಯಾದರೆ ಕೆನ್ನೆ ಒಂದು ಕಡೆ ನೀಲಿ, ಒಂದು ಕಡೆ ಹಳದಿ ಕಾಣುತ್ತದೆ. ಡಬ್ಬಿಯ ಮೇಲೆ 6500 ಎಂದಿರುವುದನ್ನು ತಂದರೆ ಹಗಲಿನ ಬೆಳಕಿಗೆ ಹೊಂದುತ್ತದೆ. ಚಿತ್ರದಲ್ಲಿ ಮೆಲ್ಲಗೆ ಮೇಲೆ ಕೆಳಗೆ ಸರಿಯುವ ಪಟ್ಟೆ ಕಂಡರೆ, ಕ್ಯಾಮೆರಾ ಸೆಟ್ಟಿಂಗಿನಲ್ಲಿ 60 ಹರ್ಟ್ಸ್ ಇದ್ದದ್ದನ್ನು 50 ಮಾಡಬೇಕು. ನಮ್ಮ ದೇಶದ ಕರೆಂಟ್ 50 ಹರ್ಟ್ಸಿನದು.

ಲ್ಯಾಪ್‌ಟಾಪಿನ ಕೆಳಗೆ ದಪ್ಪ ಪುಸ್ತಕಗಳನ್ನಿಟ್ಟು ಕ್ಯಾಮೆರಾವನ್ನು ಕಣ್ಣಿನ ಎತ್ತರಕ್ಕೆ ತಂದೆ. ಅವಳ ತೊಂದರೆ ಬೇರೆಯೇ ಇತ್ತು. ಮಾತಾಡುವಾಗ ಅವಳ ಕಣ್ಣು ಪರದೆಯ ಮೂಲೆಯಲ್ಲಿದ್ದ ಅವಳದೇ ಮುಖಕ್ಕೆ ಹೋಗುತ್ತಿತ್ತು. ಎದುರಿನವರಿಗೆ ಅದು ಬೇರೆಲ್ಲೋ ನೋಡಿದ ಹಾಗೆ. ಝೂಮ್‌ನಲ್ಲಿ ತನ್ನ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ Hide Self View ಒತ್ತಿದರೆ ಅದು ತನಗೆ ಮಾತ್ರ ಮರೆಯಾಗುತ್ತದೆ, ಅವರಿಗೆ ಕಾಣುತ್ತಲೇ ಇರುತ್ತದೆ. ಆಮೇಲೆ ಪರದೆಯಲ್ಲಿ ಇಂಟರ್‌ವ್ಯೂ ಮಾಡುವವರ ಮುಖ ಕಾಣುವ ವಿಂಡೋವನ್ನು ಚಿಕ್ಕದು ಮಾಡಿ, ಎಳೆದು ಕ್ಯಾಮೆರಾದ ಸರಿಯಾಗಿ ಕೆಳಗೆ ಇಟ್ಟೆವು. ಈಗ ಅವರ ಮುಖ ನೋಡಿದರೂ ಕಣ್ಣು ಕ್ಯಾಮೆರಾದಿಂದ ಜಾಸ್ತಿ ಇಳಿಯುವುದಿಲ್ಲ. ಇಡೀ ಹೊತ್ತು ಕ್ಯಾಮೆರಾವನ್ನೇ ನೋಡು ಎಂದು ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೇಳುವಾಗ ಅವರ ಮುಖ ನೋಡದಿದ್ದರೆ, ಅವರು ಮಧ್ಯೆ ಮಾತಾಡಲು ಬಾಯಿ ತೆರೆದದ್ದೇ ಗೊತ್ತಾಗುವುದಿಲ್ಲ. ಉತ್ತರದ ಮೊದಲ ಮಾತು, ಕೊನೆಯ ಮಾತು ಕ್ಯಾಮೆರಾಕ್ಕೆ ಹೇಳಿದರೆ ಸಾಕು. ಕನ್ನಡಕದ ಮೇಲೆ ಬೀಳುತ್ತಿದ್ದ ಬಿಳಿ ಚೌಕ ಪರದೆಯದೇ ಬೆಳಕು. ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿದಾಗ ಹೋಯಿತು.

ಇನ್ನು ಕನೆಕ್ಷನ್. ನಾನು ಹೆಚ್ಚು ಹೊತ್ತು ಕೊಟ್ಟದ್ದು ಇದಕ್ಕೇ.

ನಮ್ಮ ರೌಟರ್‌ಗೆ 12 ವೋಲ್ಟಿನ ಸಣ್ಣ ಯುಪಿಎಸ್ ಇದೆ. ಕರೆಂಟ್ ಹೋದರೂ ರೌಟರ್ ಉರಿಯುತ್ತದೆ. ಆದರೆ ನೆಟ್ ಇರುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಮನೆಯವರೆಗೂ ಫೈಬರ್ ಬಂದಿದ್ದರೆ ದಾರಿಯ ನಡುವೆ ಸಿಗ್ನಲ್ ಹಂಚುವ ಡಬ್ಬಿಗೆ ಸಾಮಾನ್ಯವಾಗಿ ಕರೆಂಟೇ ಬೇಡ. ಕೇಬಲ್‌ನವರು ಕಟ್ಟಡದ ಮೇಲೆ, ಮನೆಮನೆಗೆ ನೆಟ್ ಹಂಚುವ ಸ್ವಿಚ್ ಎಂಬ ಡಬ್ಬಿ ಇಟ್ಟು ಅಲ್ಲಿಂದ ಲ್ಯಾನ್ ವೈರ್ ಎಳೆದಿದ್ದರೆ ಆ ಸ್ವಿಚ್‌ಗೆ ಕಟ್ಟಡದ ಕರೆಂಟ್ ಬೇಕು. ನಮ್ಮದು ಈ ಎರಡನೆಯ ಬಗೆ. ಮನೆಯ ಮೇನ್ ಸ್ವಿಚ್ ಆರಿಸಿ ಪರೀಕ್ಷೆ ಮಾಡಿದರೆ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಮೇಲಿನ ಸ್ವಿಚ್ ಆಗ ನಡೆಯುತ್ತಲೇ ಇರುತ್ತದೆ. ನಿಜವಾಗಿ ಕಟ್ಟಡದ ಕರೆಂಟ್ ಹೋದಾಗ ನೋಡಬೇಕು. ಜುಲೈನ ಒಂದು ರಾತ್ರಿ ಹೋಯಿತು, ನೋಡಿದೆ. ರೌಟರ್ ಉರಿಯುತ್ತಿತ್ತು, ಇಂಟರ್ನೆಟ್ ದೀಪ ಆರಿತ್ತು.

ಹಾಗಾಗಿ ಎರಡನೇ ದಾರಿ ಬೇಕಾಯಿತು: ಬ್ರಾಡ್‌ಬ್ಯಾಂಡಿನದಲ್ಲದ ಕಂಪನಿಯ ಸಿಮ್ ಇರುವ ಫೋನ್. ಹಾಟ್‌ಸ್ಪಾಟ್ ಇದೆಯಲ್ಲ ಎಂದು ಅವಳು ಅಂದಳು. ನೆಟ್ ಹೋದ ಮೇಲೆ ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪ್ ಅದಕ್ಕೆ ಸೇರಿ, ಮೀಟಿಂಗ್ ಮತ್ತೆ ಹಿಡಿಯುವ ಹೊತ್ತಿಗೆ ಒಂದು ನಿಮಿಷ ಸುಲಭವಾಗಿ ಹೋಗುತ್ತದೆ. ಆ ಹೊತ್ತಿನಲ್ಲಿ ಎದುರಿನವರು ಖಾಲಿ ಪರದೆ ನೋಡುತ್ತಿರುತ್ತಾರೆ. ಬದಲಿಗೆ ಫೋನನ್ನು ಮೊದಲೇ ಮೀಟಿಂಗ್‌ಗೆ ಸೇರಿಸಿ ಇಟ್ಟೆವು. ವೈಫೈ ಬಂದ್, ಮೊಬೈಲ್ ಡೇಟಾ ಮಾತ್ರ. ಕ್ಯಾಮೆರಾ ಬಂದ್, ಮೈಕ್ ಬಂದ್, ಫೋನಿನ ವಾಲ್ಯೂಮೂ ಸೊನ್ನೆ. ವಾಲ್ಯೂಮ್ ಬಿಟ್ಟರೆ ಅದರ ಸದ್ದು ಕ್ಲಿಪ್ಪಿನ ಮೈಕಿಗೆ ಹೋಗಿ ಕುಯ್ಯೆನ್ನುತ್ತದೆ. ಫೋನ್ ಕರೆ ಬಂದರೆ ಮೀಟಿಂಗ್ ಮಾತು ಕಡಿಯುತ್ತದೆ, ಅದಕ್ಕೆ ‘ಡು ನಾಟ್ ಡಿಸ್ಟರ್ಬ್’. ಒಂದೇ ಹೆಸರು ಎರಡು ಕಂಡು ಅವರಿಗೆ ಅನುಮಾನ ಬರಬಾರದಲ್ಲ. ಅದಕ್ಕೆ ಹಿಂದಿನ ದಿನವೇ ಎಚ್‌ಆರ್‌ಗೆ ಎರಡು ಸಾಲಿನ ಮೇಲ್ ಹಾಕಿಸಿ, ಒಪ್ಪಿಗೆ ತರಿಸಿಕೊಂಡೆವು. ಫೋನಿನ ಹೆಸರಿನ ಮುಂದೆ ‘ಬ್ಯಾಕಪ್’ ಎಂದು ಸೇರಿಸಿದೆವು. ಎಚ್‌ಆರ್ ನಂಬರನ್ನು ಕಾಗದದ ಮೇಲೆ ಬರೆದು ಮೇಜಿಗೆ ಅಂಟಿಸಿದೆ.

ಇಂಟರ್‌ವ್ಯೂ ಬೆಳಿಗ್ಗೆ ಹನ್ನೊಂದಕ್ಕೆ. ಅರ್ಧ ಗಂಟೆ ಮೊದಲು ವಿಂಡೋಸ್ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಓಡಿಸಿದೆ:

```
ping -n 100 8.8.8.8
```

ಸ್ಪೀಡ್ ಟೆಸ್ಟ್ ದೊಡ್ಡ ಅಂಕಿ ತೋರಿಸುತ್ತದೆ, ಆದರೆ ಮಾತು ಕಡಿಯುವುದು ವೇಗ ಕಡಿಮೆಯಾಗಿ ಮಾತ್ರ ಅಲ್ಲ. ಈ ಕಮಾಂಡ್ ನೆಟ್‌ನ ಆಚೆಯ ಒಂದು ಸರ್ವರ್‌ಗೆ ನೂರು ಸಲ ಸಣ್ಣ ಸಂದೇಶ ಕಳಿಸುತ್ತದೆ; ನೋಡಬೇಕಾದದ್ದು ಪ್ರತಿ ಸಲ ಉತ್ತರ ಮರಳಿ ಬರುವ ಸಮಯ ಒಂದೇ ಸಮ ಇದೆಯೇ ಎಂದು. ಹೆಚ್ಚಿನ ಸಾಲುಗಳಲ್ಲಿ 8-10 ಮಿಲಿಸೆಕೆಂಡ್ ಇತ್ತು, ನಡುನಡುವೆ 300ಕ್ಕೆ ಹಾರುತ್ತಿತ್ತು. ಒಂದೆರಡು ಕಡೆ Request timed out ಕೂಡ ಬಂತು. ಹುಡುಕಿದರೆ, ಹಾಲ್‌ನಲ್ಲಿ ಮಗನ ಫೋನ್ ಪ್ರವಾಸದ ವಿಡಿಯೋಗಳನ್ನೆಲ್ಲ ಮೇಲಕ್ಕೆ ಕಳಿಸುತ್ತಿತ್ತು. ಅದನ್ನು ನಿಲ್ಲಿಸಿ, ಲ್ಯಾಪ್‌ಟಾಪಿಗೆ ವೈಫೈ ಬಿಟ್ಟು ಲ್ಯಾನ್ ವೈರ್ ಚುಚ್ಚಿದ ಮೇಲೆ ಸಾಲು ನೆಟ್ಟಗಾಯಿತು.

ಇಪ್ಪತ್ತು ನಿಮಿಷ ಚೆನ್ನಾಗಿ ನಡೆಯಿತು. ಆಮೇಲೆ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನಲ್ಲಿ ಮುಖಗಳು ಹಾಗೇ ನಿಂತವು. ಅವಳು ಇಯರ್‌ಫೋನ್ ಕಿತ್ತು ಫೋನ್ ಕೈಗೆತ್ತಿಕೊಂಡಳು, ವಾಲ್ಯೂಮ್ ಏರಿಸಿ ಮೈಕ್ ಆನ್ ಮಾಡಿದಳು. “ಇಲ್ಲಿ ಕರೆಂಟ್ ಹೋಗಿದೆ, ಫೋನಿನಿಂದ ಮಾತಾಡುತ್ತಿದ್ದೇನೆ, ವಿಡಿಯೋ ಬಂದ್ ಇಡುತ್ತೇನೆ,” ಎಂದು ಇಂಗ್ಲಿಷಿನಲ್ಲಿ ಹೇಳಿ, ಅರ್ಧಕ್ಕೆ ನಿಂತಿದ್ದ ಉತ್ತರವನ್ನೇ ಮುಂದುವರಿಸಿದಳು. ವಿಡಿಯೋ ಬಂದ್ ಇಟ್ಟದ್ದಕ್ಕೆ ಕಾರಣ ಇದೆ. ಕರೆಂಟ್ ಹೋದರೆ ಇಡೀ ಕಾಲೊನಿ ಮೊಬೈಲ್ ಡೇಟಾಕ್ಕೆ ಬರುತ್ತದೆ, ಟವರ್ ನಿಧಾನವಾಗುತ್ತದೆ. ಝೂಮ್ ಹೇಳುವ ಲೆಕ್ಕದಲ್ಲಿ ಇಬ್ಬರ ನಡುವಿನ ಒಳ್ಳೆಯ ವಿಡಿಯೋಕ್ಕೆ 600 ಕೆಬಿಪಿಎಸ್ ಬೇಕು, ಬರೀ ಮಾತಿಗೆ 60ರಿಂದ 80 ಸಾಕು. ಆ ಸಣ್ಣ ದಾರಿ ಸಾಮಾನ್ಯವಾಗಿ ಉಳಿದಿರುತ್ತದೆ. ಫೋನ್ ಇಟ್ಟದ್ದು ಕಿಟಕಿಯ ಹತ್ತಿರ. ಕಪಾಟಿನ ಪಕ್ಕ ಸಿಗ್ನಲ್ ಒಂದೇ ಕಡ್ಡಿ ಇರುತ್ತಿತ್ತು.

ಎರಡನೇ ಸುತ್ತಿಗೆ ಕರೆದರು. ಕೊಟ್ಟ ತಾರೀಖು ಅನಂತ ಚತುರ್ದಶಿಯ ದಿನ. ಅಂದು ನಮ್ಮ ರಸ್ತೆಯಲ್ಲಿ ಢೋಲ್-ತಾಶೆ ಶುರುವಾದರೆ ಕೌದಿ, ಮುಚ್ಚಿದ ಗಾಜು, ಕ್ಲಿಪ್ ಮೈಕ್ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಅವಳು ಕಾರಣ ಬರೆದು ಬೇರೆ ದಿನ ಕೇಳಿದಳು. ಅವರು ಮರುದಿನ ಮಧ್ಯಾಹ್ನಕ್ಕೆ ಇಟ್ಟರು.